ಕಣ್ಣಿಗೆ ನಾಲ್ಕಡಿ, ಗಳಕ್ಕೆ ಎಂಟಡಿ

ದಸರಾ ರಜೆಯಲ್ಲಿ ನಾವು ಐದು ಜನ ನಮ್ಮ ಗೆಳೆಯನೊಬ್ಬನ ಊರಿಗೆ ಹೋಗಿದ್ವಿ. ಊರ ಹೊರಗೆ ಒಂದು ಹಳೇ ಕಲ್ಯಾಣಿ. ಮಳೆ ನಿಂತು ನೀರು ತಿಳಿಯಾಗಿತ್ತು, ತಳದ ಕಲ್ಲುಗಳು ಸ್ಪಷ್ಟವಾಗಿ ಕಾಣ್ತಿದ್ವು. ಮೆಟ್ಟಿಲ ಮೇಲೆ ನಿಂತು ನೋಡಿ "ನಾಲ್ಕಡಿ ಇರಬಹುದು, ಎದೆ ಮಟ್ಟ ಅಷ್ಟೇ" ಅಂದ್ಕೊಂಡ್ವಿ. ನಮ್ಮಲ್ಲಿ ಇಬ್ಬರಿಗೆ ಈಜು ಬರಲ್ಲ. ಆದ್ರೂ ಚಪ್ಪಲಿ ಬಿಟ್ಟಾಗಿತ್ತು.

ಗೆಳೆಯನ ಅಜ್ಜ ಹಿಂದಿನಿಂದ ಬಂದ್ರು. ಬೈಯಲಿಲ್ಲ. ಒಂದು ಬಿದಿರಿನ ಗಳ ತಂದು, ನಾವು ತೋರಿಸಿದ ಜಾಗದಲ್ಲೇ ನೀರಿಗೆ ಇಳಿಸಿ, ಮೇಲೆತ್ತಿ ತೋರಿಸಿದ್ರು. ಎಂಟಡಿ ಒದ್ದೆಯಾಗಿತ್ತು. "ಕಣ್ಣು ನಂಬಬ್ಯಾಡ್ರಪ್ಪ, ಗಳ ನಂಬ್ರಿ" ಅಂದ್ರು.

ವಾಪಸ್ ಬರುವಾಗ ಬಸ್ಸಿನಲ್ಲಿ ಒಂದು ಪ್ರಶ್ನೆ ನಮ್ಮನ್ನ ಕಾಡ್ತಾನೇ ಇತ್ತು. ಪಿಯುಸಿಯಲ್ಲಿ ಕಲಿತ ಸೂತ್ರದ ಪ್ರಕಾರ ಎಂಟಡಿ ನೀರು ಆರಡಿಯಾಗಿ ಕಾಣಬೇಕು. ಹಾಗಾದ್ರೆ ನಮಗೆ ನಾಲ್ಕಡಿ ಯಾಕೆ ಕಂಡಿತು?

ಮೊದಲು ಆ ಸೂತ್ರ ಎಲ್ಲಿಂದ ಬಂತು ನೋಡೋಣ

ನೀರಿನ ತಳದಲ್ಲಿ ಒಂದು ನಾಣ್ಯ ಇದೆ, ಆಳ t. ನಾವು ನೇರ ಮೇಲಿನಿಂದ ನೋಡ್ತಿದ್ದೀವಿ. ನಾಣ್ಯದಿಂದ ಹೊರಟ ಒಂದು ಕಿರಣ ಸ್ವಲ್ಪವೇ ಓರೆಯಾಗಿ ಬಂದು, ನಾಣ್ಯದ ನೇರ ಮೇಲಿನ ಬಿಂದುವಿನಿಂದ x ದೂರದಲ್ಲಿ ನೀರಿನ ಮೇಲ್ಮೈಯನ್ನು ಮುಟ್ಟುತ್ತೆ. ನೀರಿನೊಳಗೆ ಲಂಬಕ್ಕೂ ಅದಕ್ಕೂ ಇರುವ ಕೋನ i, ಗಾಳಿಗೆ ಬಂದ ಮೇಲೆ r. ಗಾಳಿಯಲ್ಲಿ ಕಿರಣ ಲಂಬದಿಂದ ದೂರ ಬಾಗುತ್ತೆ, ಅಂದ್ರೆ r ದೊಡ್ಡದು. ಕಣ್ಣಿಗೆ ಈ ಬಾಗಿದ್ದು ಗೊತ್ತಾಗಲ್ಲ. ಅದು ಕಿರಣವನ್ನು ನೇರವಾಗಿ ಹಿಂದಕ್ಕೆ ಎಳೆದು, t' ಎಂಬ ಕಡಿಮೆ ಆಳದಲ್ಲಿ ನಾಣ್ಯ ಇದೆ ಅಂತ ತೀರ್ಮಾನಿಸುತ್ತೆ.

```
n sin i = sin r
tan i = x/t,  tan r = x/t'
```

ಕೋನಗಳು ತುಂಬಾ ಚಿಕ್ಕದಿದ್ದಾಗ sin ಮತ್ತು tan ಹೆಚ್ಚುಕಡಿಮೆ ಒಂದೇ. ಆಗ n(x/t) = x/t', ಅಂದ್ರೆ t' = t/n. ನೀರಿಗೆ n = 1.33, ಹಾಗಾಗಿ ಎಂಟಡಿ ಆರಡಿಯಾಗುತ್ತೆ. "ಕೋನ ಚಿಕ್ಕದಿದ್ದಾಗ" ಅನ್ನೋ ಮಾತನ್ನ ನೆನಪಿಟ್ಟುಕೊಳ್ಳಿ. ಕಲ್ಯಾಣಿಯ ಗುಟ್ಟು ಅಲ್ಲೇ ಇದೆ.

ನೀರಿನ ಮೇಲೆ ಎಣ್ಣೆ ಇದ್ದರೆ?

ಕಾಲೇಜಿಗೆ ಬಂದ ಮೇಲೆ ಒಂದು ಎತ್ತರದ ಗಾಜಿನ ಜಾಡಿಯಲ್ಲಿ ಇದನ್ನ ಮಾಡಿ ನೋಡಿದ್ವಿ. ತಳದಲ್ಲಿ ನಾಣ್ಯ, ಅದರ ಮೇಲೆ 8 ಸೆಂ.ಮೀ. ನೀರು, ನೀರಿನ ಮೇಲೆ 4.4 ಸೆಂ.ಮೀ. ಸೂರ್ಯಕಾಂತಿ ಎಣ್ಣೆ (n ಸುಮಾರು 1.47). ಒಟ್ಟು 12.4 ಸೆಂ.ಮೀ. ನಾಣ್ಯ ಎಷ್ಟು ಆಳದಲ್ಲಿ ಕಾಣಬೇಕು?

ನಮ್ಮಲ್ಲಿ ಮೂವರು ಮಾಡಿದ ತಪ್ಪು ಒಂದೇ. 1.33 ಮತ್ತು 1.47ರ ಸರಾಸರಿ 1.40 ತಗೊಂಡು, 12.4ನ್ನು ಅದರಿಂದ ಭಾಗಿಸಿ 8.86 ಸೆಂ.ಮೀ. ಅಂದ್ವಿ. ಇದು ಯಾಕೆ ತಪ್ಪು ಅಂತ ತಿಳಿಯೋಕೆ ಎಣ್ಣೆಯನ್ನು ಬರೀ 1 ಮಿ.ಮೀ.ಗೆ ಇಳಿಸಿ, ಉಳಿದದ್ದು ನೀರು ಅಂದ್ಕೊಳ್ಳಿ. ಸರಾಸರಿ ಆಗಲೂ 1.40, ಉತ್ತರ ಆಗಲೂ 8.86! ಆದ್ರೆ ಅಷ್ಟು ತೆಳು ಎಣ್ಣೆಯಿಂದ ಏನೂ ಬದಲಾಗಬಾರದು, ನಿಜವಾದ ಉತ್ತರ 9.3ರ ಹತ್ತಿರ ಇರಬೇಕು. ಯಾವ ಪದರ ಎಷ್ಟು ದಪ್ಪ ಅನ್ನೋದು ಸರಾಸರಿಗೆ ಗೊತ್ತೇ ಇಲ್ಲ.

ಸರಿಯಾದ ದಾರಿ ಅಂದ್ರೆ ಒಂದೊಂದೇ ಮೇಲ್ಮೈ ದಾಟೋದು. ಮೊದಲು ನಮ್ಮ ಕಣ್ಣು ಎಣ್ಣೆಯೊಳಗೇ ಇದೆ ಅಂದ್ಕೊಳ್ಳೋಣ. ನೀರಿನಿಂದ ಎಣ್ಣೆಗೆ ಬರುವಾಗ ಕಿರಣ ಲಂಬದ ಕಡೆಗೇ ಬಾಗುತ್ತೆ, ಯಾಕಂದ್ರೆ ಎಣ್ಣೆಯ n ಜಾಸ್ತಿ. ಹಾಗಾಗಿ ನಾಣ್ಯ ಮೇಲೆ ಬರೋ ಬದಲು ಕೆಳಗೆ ಹೋದಂತೆ ಕಾಣುತ್ತೆ: 8 × 1.47/1.33 = 8.84 ಸೆಂ.ಮೀ. ಜಾಡಿಯ ತಳಕ್ಕಿಂತಲೂ ಕೆಳಗೆ! ಇದು ನಮಗೆ ಮೊದಲು ನಂಬೋಕಾಗಲಿಲ್ಲ. ಈ ಪ್ರತಿಬಿಂಬವೇ ಮುಂದಿನ ಮೇಲ್ಮೈಗೆ ವಸ್ತು. ಎಣ್ಣೆಯ ಮೇಲ್ಮೈಯಿಂದ ಅದರ ಆಳ 8.84 + 4.4 = 13.24. ಈಗ ಗಾಳಿಗೆ ಬರೋಣ: 13.24/1.47 = 9.01 ಸೆಂ.ಮೀ.

ಈ ಲೆಕ್ಕವನ್ನು ಬಿಡಿಸಿ ಬರೆದ್ರೆ ನೀರಿನ ಭಾಗದಲ್ಲಿದ್ದ 1.47 ಮೇಲೆ ಕೆಳಗೆ ಹೊಡೆದು ಹೋಗುತ್ತೆ. ಉಳಿಯೋದು ಇಷ್ಟೇ:

```
t' = t1/n1 + t2/n2
   = 8/1.33 + 4.4/1.47
   = 6.02 + 2.99 = 9.01 cm
```

ಪದರ ಮೂರಿರಲಿ, ಐದಿರಲಿ, ಪ್ರತಿಯೊಂದರ ದಪ್ಪವನ್ನು ಅದರದೇ n ನಿಂದ ಭಾಗಿಸಿ ಕೂಡಿದ್ರೆ ಆಯ್ತು. ಕೂಡೋ ಲೆಕ್ಕ ಆದ್ದರಿಂದ ಪದರಗಳ ಕ್ರಮ ಮುಖ್ಯವಲ್ಲ. ಗಾಜಿನ ಚಪ್ಪಡಿಯನ್ನ ಪುಸ್ತಕದ ಮೇಲೆ ಇಟ್ಟರೂ, ಒಂದಿಂಚು ಮೇಲೆ ಎತ್ತಿ ಹಿಡಿದರೂ ಅಕ್ಷರ ಅಷ್ಟೇ ಮೇಲೆ ಬಂದಂತೆ ಕಾಣೋದು ಇದಕ್ಕೇ. ನಡುವಿನ ಗಾಳಿಯೂ n = 1 ಇರುವ ಒಂದು ಪದರ, ಅದು ಏನನ್ನೂ ಎತ್ತಲ್ಲ.

ಅಳತೆ ಹೇಗೆ ಮಾಡಿದ್ವಿ ಅಂದ್ರೆ, ಜಾಡಿಯ ಹೊರಗೆ ಒಂದು ಸ್ಕೇಲ್ ನಿಲ್ಲಿಸಿ, ಅದರ ಮೇಲೆ ಜಾರುವ ಹಾಗೆ ಗುಂಡುಸೂಜಿ ಕಟ್ಟಿದ್ವಿ. ಮೇಲಿನಿಂದ ನೋಡ್ತಾ ತಲೆಯನ್ನ ಸ್ವಲ್ಪ ಆಚೀಚೆ ಆಡಿಸಬೇಕು. ಎಣ್ಣೆಯೊಳಗಿನ ನಾಣ್ಯ ಮತ್ತು ಹೊರಗಿನ ಸೂಜಿ ಒಟ್ಟಿಗೇ ಚಲಿಸಿದಂತೆ ಕಂಡರೆ ಎರಡೂ ಒಂದೇ ಆಳದಲ್ಲಿವೆ. ಒಂದು ಇನ್ನೊಂದನ್ನು ಹಿಂದೆ ಹಾಕಿದ್ರೆ ಸೂಜಿಯನ್ನ ಸರಿಸಬೇಕು. ನಮಗೆ 9.0, 9.2, 9.0 ಸೆಂ.ಮೀ. ಬಂತು. ಈ 9.2 ಬಂದದ್ದು ಎಣ್ಣೆ ಸುರಿದ ಕೂಡಲೇ ಅಳೆದಾಗ. ಆಗ ಎಣ್ಣೆ ನೀರುಗಳ ನಡುವೆ ಗುಳ್ಳೆಗಳಿದ್ವು, ನಾಣ್ಯದ ಅಂಚು ಮಸುಕಾಗಿತ್ತು. ಹತ್ತು ನಿಮಿಷ ಬಿಟ್ಟ ಮೇಲೆ ಸರಿಹೋಯ್ತು.

ಈಗ ಕಲ್ಯಾಣಿಗೆ ವಾಪಸ್

ಜಾಡಿಯನ್ನ ನಾವು ನೇರ ಮೇಲಿನಿಂದ ನೋಡಿದ್ವಿ. ಕಲ್ಯಾಣಿಯನ್ನ ಹಾಗೆ ನೋಡಲಿಲ್ಲ. ನಮ್ಮ ಕಣ್ಣು ನೀರಿಗಿಂತ ಐದಡಿ ಮೇಲಿತ್ತು, ನೋಟ ಬಿದ್ದದ್ದು ಸುಮಾರು 8.7 ಅಡಿ ದೂರದ ನೀರಿನ ಮೇಲೆ. ಅಂದ್ರೆ ಲಂಬದಿಂದ 60° ಓರೆ. ಇಲ್ಲಿ sin ಮತ್ತು tan ಒಂದೇ ಅನ್ನೋ ಹಾಗಿಲ್ಲ, ಆದ್ದರಿಂದ t/n ಕೈಕೊಡುತ್ತೆ.

ಓರೆಯಾಗಿ ನೋಡುವಾಗ ಕಿರಣಗಳು ಒಂದೇ ಬಿಂದುವಿನಿಂದ ಬಂದಂತೆ ಇರಲ್ಲ, ಪ್ರತಿಬಿಂಬ ಸ್ವಲ್ಪ ಹಿಗ್ಗುತ್ತೆ. ಆದ್ರೆ ನಮ್ಮ ಎರಡು ಕಣ್ಣುಗಳು ಅಕ್ಕಪಕ್ಕ ಸಮಮಟ್ಟದಲ್ಲಿವೆ. ಅವೆರಡಕ್ಕೂ ಬರುವ ಕಿರಣಗಳನ್ನು ಹಿಂದಕ್ಕೆ ಎಳೆದರೆ ಅವು ಕಲ್ಲಿನ ನೇರ ಮೇಲೆ, tan i/tan r ಪಟ್ಟು ಆಳದಲ್ಲಿ ಸೇರುತ್ತವೆ. ಮೇಲಿನ ಎರಡು tan ಸೂತ್ರಗಳನ್ನು ಭಾಗಿಸಿದರೆ ಬರೋದೂ ಇದೇ.

```
r = 60°
sin i = 0.866/1.33 = 0.651,  i = 40.6°
t' = 8 × 0.858/1.732 = 3.96 ft
```

ನಾಲ್ಕಡಿ. ನಮ್ಮ ಕಣ್ಣು ಹೇಳಿದ್ದೂ ಅಷ್ಟೇ! ಇನ್ನೂ ದೂರ, 75° ಓರೆಯಲ್ಲಿ ನೋಡಿದ್ರೆ ಅದೇ ಎಂಟಡಿ ನೀರು ಎರಡೂಕಾಲು ಅಡಿ ಕಾಣುತ್ತೆ. ದಡದಲ್ಲಿ ನಿಂತವರಿಗೆ ಸಮತಟ್ಟಾದ ತಳವೂ ದೂರ ಹೋದಂತೆ ಮೇಲೇರಿದ ಹಾಗೆ ಕಾಣೋದು ಈ ಕಾರಣಕ್ಕೆ. "ಅಲ್ಲಿ ಆಚೆ ಕಡೆ ಆಳ ಕಮ್ಮಿ ಇದೆ" ಅಂತ ಅನಿಸಿದರೆ ಅದು ಬರೀ ಕೋನದ ಆಟ ಇರಬಹುದು.

ಹಾಗಂತ ಕಂಡ ಆಳವನ್ನ 1.33ರಿಂದ ಗುಣಿಸಿ ನೀರಿಗೆ ಇಳಿಯೋದೂ ಬೇಡ. ನಾವು ಹಾಗೆ ಮಾಡಿದ್ದರೆ ನಾಲ್ಕಡಿಯನ್ನು 5.3 ಅಡಿ ಅಂದ್ಕೊಂಡು, ಎಂಟಡಿಗೆ ಕಾಲಿಡ್ತಿದ್ವಿ. ಅಜ್ಜನ ಗಳಕ್ಕೆ ಕೋನವೂ ಇಲ್ಲ, n ಕೂಡ ಇಲ್ಲ. ಅದು ಅಳೆಯೋದು t ಮಾತ್ರ.