ನಲವತ್ತು ಸೆಕೆಂಡಿನ ಕಥೆ, ಕೊನೆಯ ಸಾಲಿನ ತಿರುವು

ಪ್ರಶ್ನೆ: ನಲವತ್ತು ಸೆಕೆಂಡಿನ ಸಸ್ಪೆನ್ಸ್ ಕಥೆ ಬರೆದು ನಾನೇ ಓದಿ ರೆಕಾರ್ಡ್ ಮಾಡುತ್ತೇನೆ. ಎಷ್ಟು ಕತ್ತರಿಸಿದರೂ ಒಂದು ನಿಮಿಷ ದಾಟುತ್ತದೆ. ಬೇಗ ಓದಿದರೆ ಕುತೂಹಲವೇ ಉಳಿಯುವುದಿಲ್ಲ. ಏನು ಮಾಡಲಿ?
– ಓದುಗರು, ಹಾಸನ

ಉತ್ತರ: ಕಥೆ ಉದ್ದವಾಗುತ್ತದೆ, ಓದು ಅವಸರವಾಗುತ್ತದೆ ಎಂಬುದು ನಿಮ್ಮ ಚಿಂತೆ. ಇದು ಬರವಣಿಗೆಯ ದೋಷ ಎಂದು ಬೇಸರಪಡಬೇಡಿ. ಹೆಚ್ಚಿನವರ ಲೆಕ್ಕ ತಪ್ಪುವುದು ಇಲ್ಲಿಯೇ.

ಕನ್ನಡದ ಪದಗಳು ಉದ್ದ. ‘ಎದೆಗವಚಿಕೊಂಡು’ ಎಂಬುದು ಎಣಿಕೆಗೆ ಒಂದೇ ಪದ, ಬಾಯಿಗೆ ಏಳು ಅಕ್ಷರ. ಕುತೂಹಲದ ಕಥೆಯನ್ನು ಹದವಾಗಿ ಓದಿದರೆ ನಿಮಿಷಕ್ಕೆ ಸುಮಾರು ನೂರು ಪದ ಸಾಗುತ್ತದೆ. ಹಾಗಾದರೆ ನಲವತ್ತು ಸೆಕೆಂಡಿಗೆ ಅರವತ್ತೈದು ಪದ ಹಿಡಿಯಬೇಕಲ್ಲವೇ ಎಂದು ನೀವು ಕೇಳಬಹುದು. ಹಿಡಿಯುವುದಿಲ್ಲ, ಏಕೆಂದರೆ ಮೌನಕ್ಕೂ ಸಮಯ ಬೇಕು.

ಮೂವತ್ತು ಸೆಕೆಂಡು ಮಾತಿಗೆ, ಹತ್ತು ಸೆಕೆಂಡು ಮೌನಕ್ಕೆ ಎಂದು ಮೊದಲೇ ಹಂಚಿಕೊಳ್ಳಿ. ಆಗ ನಿಮ್ಮ ಕೈಯಲ್ಲಿರುವುದು ಐವತ್ತು ಪದ ಮಾತ್ರ. ಅಷ್ಟರಲ್ಲಿ ಒಂದು ಜಾಗ, ಒಂದು ರಾತ್ರಿ, ಹೆಚ್ಚೆಂದರೆ ಇಬ್ಬರು ಮೂವರು ಹಿಡಿಯುತ್ತಾರೆ. ಪಾತ್ರಗಳ ಹೆಸರು, ಊರು, ಉದ್ಯೋಗ ಯಾವುದೂ ಬೇಡ. ತಿರುವಿಗೆ ಕೆಲಸಕ್ಕೆ ಬಾರದ ವಾಕ್ಯ ಎಷ್ಟೇ ಚೆನ್ನಾಗಿದ್ದರೂ ತೆಗೆದುಬಿಡಿ.

ಪ್ರಶ್ನೆ: ನನ್ನ ಕಥೆಯಲ್ಲಿ ಒಬ್ಬಳು ರಾತ್ರಿ ಮನೆಯಲ್ಲಿ ಒಂಟಿಯಾಗಿರುತ್ತಾಳೆ, ಯಾರೋ ಒಳಗೆ ಬರುತ್ತಾರೆ. ಕೊನೆಗೆ ಅವಳಿಗೆ ಎಚ್ಚರವಾಗುತ್ತದೆ, ಎಲ್ಲವೂ ಕನಸು. ಕೇಳಿದವರು “ಮೋಸ ಮಾಡಿಬಿಟ್ಟಿರಿ” ಎಂದರು. ತಿರುವು ಕೊಟ್ಟರೂ ಮೋಸ ಅನ್ನಿಸುವುದು ಏಕೆ? ಸುಳಿವು ಕೊಟ್ಟರೆ ಮೊದಲೇ ಊಹಿಸಿಬಿಡುತ್ತಾರೆ ಎಂಬ ಭಯವೂ ಇದೆ.
– ಓದುಗರು, ಶಿರಸಿ

ಉತ್ತರ: ನಿಮ್ಮ ಭಯ ಸಹಜ, ಅದರಲ್ಲಿ ನಿಜವೂ ಇದೆ. ಸುಳಿವು ಹೆಚ್ಚಾದರೆ ಗುಟ್ಟು ಬಯಲಾಗುತ್ತದೆ. ಆದರೆ ಸುಳಿವೇ ಇಲ್ಲದ ತಿರುವು ಕೇಳುಗರಿಗೆ ಮೋಸವಾಗಿ ಕಾಣುತ್ತದೆ. ‘ಕನಸು’ ಎಂದಾಗ ಅವರು ಅಲ್ಲಿಯವರೆಗೆ ನಂಬಿ ಕೇಳಿದ್ದೆಲ್ಲ ರದ್ದಾಗುತ್ತದೆ. ಶುದ್ಧವಾದ ತಿರುವು ಹಿಂದೆ ಹೇಳಿದ್ದನ್ನು ರದ್ದು ಮಾಡುವುದಿಲ್ಲ, ಅದರ ಅರ್ಥವನ್ನು ಬದಲಿಸುತ್ತದೆ.

ನಿಮ್ಮ ಕಥೆಯ ಸನ್ನಿವೇಶವನ್ನೇ ಇಟ್ಟುಕೊಂಡು ಹೀಗೆ ಬರೆದು ನೋಡೋಣ:

> ರಾತ್ರಿ ಒಂದೂವರೆ. ಮುಂಬಾಗಿಲಿನ ಹೊರಗೆ ಬೀಗ ಅಲುಗಿದ ಸದ್ದು. ಎದೆ ಧಸಕ್ಕೆಂದಿತು. ಟಾರ್ಚ್ ಆರಿಸಿದೆ. ಹಿತ್ತಿಲ ಬಾಗಿಲಿಗಾಗಿ ಗೋಡೆ ತಡವಿದೆ, ಸಿಗಲಿಲ್ಲ. ಚೀಲವನ್ನು ಎದೆಗವಚಿಕೊಂಡು ಮಂಚದ ಕೆಳಗೆ ನುಸುಳಿದೆ. ಬಾಗಿಲು ಕಿರ್ರೆಂದಿತು. ಒಂದು ಹೆಜ್ಜೆ. ಇನ್ನೊಂದು ಹೆಜ್ಜೆ. ಸದ್ದು ಕೋಣೆಯ ಹೊಸ್ತಿಲಿಗೆ ಬಂದು ನಿಂತಿತು. ಉಸಿರು ಬಿಗಿಹಿಡಿದೆ. ಪಟ್ಟನೆ ದೀಪ ಹತ್ತಿತು. ಮಂಚದ ಅಂಚಿನಾಚೆ ಎರಡು ಪುಟ್ಟ ಪಾದ. ಮಗುವೊಂದು ಕೂಗಿತು: “ಅಮ್ಮಾ, ಯಾರೋ ತೆಗೆದಿದ್ದಾರೆ ನಮ್ಮ ಬೀರು!”

ಇದರಲ್ಲಿ 49 ಪದಗಳಿವೆ. ಅಡಗಿ ಕುಳಿತವರೇ ಕಳ್ಳರು ಎಂಬುದು ತಿರುವು. ಈಗ ಹಿಂದಕ್ಕೆ ಹೋಗಿ ಸುಳಿವುಗಳನ್ನು ನೋಡಿ. ಬೀಗ ಹೊರಗಿದೆ, ಅಂದರೆ ಮನೆಯವರು ಒಳಗಿಲ್ಲ. ಮನೆಯವರಾದರೆ ಟಾರ್ಚ್ ಹಿಡಿದು ಓಡಾಡಬೇಕಿಲ್ಲ, ಹಿತ್ತಿಲ ಬಾಗಿಲನ್ನು ಹುಡುಕಬೇಕಿಲ್ಲ. ಎಲ್ಲವನ್ನೂ ಹೇಳಿದ್ದೇವೆ, ಒಂದೂ ಸುಳ್ಳಿಲ್ಲ.

ಹಾಗಾದರೆ ಕೇಳುಗರು ಏಕೆ ಊಹಿಸಲಿಲ್ಲ? ಪ್ರತಿ ಸುಳಿವೂ ಹೆದರಿದವರ ಚಡಪಡಿಕೆಯೊಳಗೆ ಬಂದಿದೆ. ಭಯದಲ್ಲಿರುವವರು ಗೋಡೆ ತಡವುವುದು ಸಹಜವೆಂದು ಕಿವಿ ಒಪ್ಪಿಕೊಂಡು ಮುಂದೆ ಸಾಗುತ್ತದೆ. ಸುಳಿವನ್ನು ಒಂದು ಕ್ರಿಯೆಯೊಳಗೆ ಇಡಿ, ಅದಕ್ಕೇ ಮೀಸಲಾದ ವಾಕ್ಯ ಬರೆಯಬೇಡಿ. ಮೂರಕ್ಕಿಂತ ಹೆಚ್ಚು ಸುಳಿವುಗಳೂ ಬೇಡ.

ಊಹಿಸುತ್ತಾರೋ ಇಲ್ಲವೋ ಎಂದು ತಿಳಿಯಲು ಕೊನೆಯ ವಾಕ್ಯ ಬಿಟ್ಟು ಯಾರಿಗಾದರೂ ಓದಿ ಹೇಳಿ, “ಈಗ ಏನಾಗುತ್ತದೆ?” ಎಂದು ಕೇಳಿ. ಸರಿಯಾಗಿ ಹೇಳಿದರೆ ಒಂದು ಸುಳಿವು ಕಡಿಮೆ ಮಾಡಿ. ತಿರುವು ಕೇಳಿದ ಮೇಲೂ “ಅಂದರೆ?” ಎಂದರೆ ಒಂದು ಸುಳಿವು ಸೇರಿಸಿ.

ಪ್ರಶ್ನೆ: ನನ್ನ ಕಥೆಯ ಗುಟ್ಟೇ ಪಾತ್ರ ಹೆಣ್ಣು ಎಂಬುದು. ಆದರೆ ‘ಬಂದಳು’ ಎಂದು ಬರೆದ ಕೂಡಲೇ ಎಲ್ಲ ಗೊತ್ತಾಗುತ್ತದೆ. ಕನ್ನಡದಲ್ಲಿ ಇಂಥ ತಿರುವು ಸಾಧ್ಯವೇ ಇಲ್ಲವೇ?
– ಓದುಗರು, ಮುಂಬೈ

ಉತ್ತರ: ಖಂಡಿತ ಸಾಧ್ಯ. ನಮ್ಮ ಕ್ರಿಯಾಪದದ ಬಾಲವೇ ಗಂಡೋ ಹೆಣ್ಣೋ ಹೇಳಿಬಿಡುತ್ತದೆ ಎಂಬ ನಿಮ್ಮ ತೊಡಕು ನಿಜ. ಆದರೆ ಅದೇ ಕನ್ನಡದಲ್ಲಿ ಅದನ್ನು ಮುಚ್ಚುವ ದಾರಿಗಳೂ ಇವೆ.

ಮೊದಲನೆಯದು ಉತ್ತಮ ಪುರುಷ (ನಾನು ಎಂದು ಹೇಳುವ ರೀತಿ). ‘ಬಂದೆ’, ‘ನುಸುಳಿದೆ’ ಎಂಬಲ್ಲಿ ಗಂಡು, ಹೆಣ್ಣು ತಿಳಿಯುವುದಿಲ್ಲ. ಮೇಲಿನ ಕಥೆ ‘ನಾನು’ ಎಂದು ಸಾಗುವುದರಿಂದ ಕೇಳುಗರಿಗೆ ಅಡಗಿದವರು ಯಾರೆಂಬ ಅನುಮಾನವೂ ಬರುವುದಿಲ್ಲ. ಕಥೆ ಹೇಳುವವರ ಪರ ನಿಲ್ಲುವುದು ಕೇಳುಗರ ಅಭ್ಯಾಸ.

ಎರಡನೆಯದು ಗೌರವ ಬಹುವಚನ. ‘ಡಾಕ್ಟರ್ ಬಂದರು’ ಎಂದರೆ ಇಬ್ಬರಿಗೂ ಸಲ್ಲುತ್ತದೆ. ಮೂರನೆಯದು ‘ಯಾರೋ’ ಎಂಬ ಪದ. ‘ಯಾರೋ ಕೆಮ್ಮಿದರು’ ಎಂದರೆ ಸಾಕು.

ಒಂದು ಎಚ್ಚರ ಇರಲಿ. ‘ಅವನು’ ಎಂದು ಬರೆದು ಕೊನೆಗೆ ಹೆಣ್ಣು ಎಂದರೆ ಅದು ಸುಳ್ಳು ಹೇಳಿದಂತೆ. ತಿಳಿಸದೆ ಉಳಿಸಬಹುದು, ತಪ್ಪಾಗಿ ತಿಳಿಸಬಾರದು. ಹಾಗೆಯೇ ಯಾರೂ ಆಡದ ತಿರುಚಿದ ವಾಕ್ಯ ಬರೆದರೆ ಏನೋ ಮುಚ್ಚಿಡುತ್ತಿದ್ದಾರೆ ಎಂದು ಕಿವಿ ಥಟ್ಟನೆ ಹಿಡಿಯುತ್ತದೆ.

ಪ್ರಶ್ನೆ: ಬರೆದದ್ದು ಚೆನ್ನಾಗಿದೆ ಎನ್ನುತ್ತಾರೆ, ಓದಿದಾಗ ತಿರುವು ಯಾರಿಗೂ ತಾಗುವುದಿಲ್ಲ. ನನ್ನ ದನಿಯೇ ಸರಿಯಿಲ್ಲವೇನೋ ಎಂಬ ಅಳುಕು.
– ಓದುಗರು, ರಾಯಚೂರು

ಉತ್ತರ: ತನ್ನದೇ ದನಿಯನ್ನು ರೆಕಾರ್ಡಿಂಗ್‌ನಲ್ಲಿ ಕೇಳಿದಾಗ ಯಾರಿಗಾದರೂ ಅಪರಿಚಿತ ಅನ್ನಿಸುತ್ತದೆ. ಮಾತಾಡುವಾಗ ನಮ್ಮ ದನಿ ತಲೆಬುರುಡೆಯ ಮೂಳೆಗಳ ಮೂಲಕವೂ ನಮ್ಮ ಕಿವಿಗೆ ಮುಟ್ಟುತ್ತದೆ, ರೆಕಾರ್ಡಿಂಗ್‌ನಲ್ಲಿ ಆ ಭಾಗ ಇರುವುದಿಲ್ಲ. ಆದ್ದರಿಂದ ದನಿಯ ಮೇಲೆ ಅನುಮಾನ ಬೇಡ. ಮೌನ ಎಲ್ಲಿ ಬೀಳುತ್ತಿದೆ ಎಂದು ನೋಡಿ.

ಹೆಚ್ಚಿನವರು ತಿರುವು ಮುಗಿದ ಮೇಲೆ ನಿಲ್ಲುತ್ತಾರೆ. ನಿಲ್ಲಬೇಕಾದದ್ದು ಅದಕ್ಕೆ ಮುಂಚೆಯೂ ಹೌದು. ಮೇಲಿನ ಕಥೆಯಲ್ಲಿ ‘ಒಂದು ಹೆಜ್ಜೆ’ ಎಂದ ಮೇಲೆ ಒಂದು ಸೆಕೆಂಡು, ‘ಇನ್ನೊಂದು ಹೆಜ್ಜೆ’ ಎಂದ ಮೇಲೆ ಒಂದು, ‘ಉಸಿರು ಬಿಗಿಹಿಡಿದೆ’ ಎಂದ ಮೇಲೆ ಎರಡು, ‘ಪುಟ್ಟ ಪಾದ’ ಎಂದ ಮೇಲೆ ಎರಡು ಸೆಕೆಂಡು ಬಿಡಿ. ಉಳಿದ ನಾಲ್ಕು ಸೆಕೆಂಡಿನಲ್ಲಿ ಎರಡು ಅಲ್ಲಲ್ಲಿ ಉಸಿರಾಟಕ್ಕೆ, ಎರಡು ಕಥೆ ಮುಗಿದ ಮೇಲಿನ ಮೌನಕ್ಕೆ.

ಗುಟ್ಟು ಒಡೆಯುವ ಪದ ವಾಕ್ಯದ ತುದಿಯಲ್ಲಿರಲಿ. ‘ನಮ್ಮ ಬೀರು ಯಾರೋ ತೆಗೆದಿದ್ದಾರೆ’ ಎಂದರೆ ಗುಟ್ಟು ಮೊದಲೇ ಬಿದ್ದು, ಕೊನೆಯ ಎರಡು ಪದ ವ್ಯರ್ಥವಾಗುತ್ತವೆ. ಮಾತಿನಲ್ಲಿ ನಾವು ಕರ್ಮಪದವನ್ನು (ಕ್ರಿಯೆಗೆ ಗುರಿಯಾದ ಪದ) ಹಿಂದಕ್ಕೆ ತಳ್ಳುವುದುಂಟು, ಮಗುವಿನ ಬಾಯಲ್ಲಿ ಅದು ಇನ್ನೂ ಸಹಜ.

ಆ ಸಾಲನ್ನು ಭಯದ ದನಿಯಲ್ಲಿ ಓದಬೇಡಿ. ಮಗುವಿಗೆ ಮಂಚದ ಕೆಳಗೆ ಯಾರಿದ್ದಾರೆಂದು ಗೊತ್ತಿಲ್ಲ, ಅದಕ್ಕೆ ಅಚ್ಚರಿ ಮಾತ್ರ. ನಂತರ ‘ಹೌದು, ಕಳ್ಳ ನಾನೇ’ ಎಂಬ ವಿವರಣೆ ಸೇರಿಸಬೇಡಿ. ಈ ಒಂದು ಸಾಲನ್ನು ಬೇರೆ ಬೇರೆ ರೀತಿಯಲ್ಲಿ ರೆಕಾರ್ಡ್ ಮಾಡಿ ಮರುದಿನ ಕೇಳಿ. ಎಲ್ಲಕ್ಕಿಂತ ಸಾದಾ ಆಗಿ ಬಂದದ್ದನ್ನೇ ಉಳಿಸಿಕೊಳ್ಳಿ.