ನೇಕಾರರ ಮಾತು, ನಿಮ್ಮ ವಾಕ್ಯ

ನಾರಾಯಣಪೇಟೆ, ಮಕ್ತಲ್, ಗದ್ವಾಲ ಕಡೆಯ ನೇಕಾರರನ್ನು ಮಾತಾಡಿಸಿ ಪ್ರಬಂಧ ಬರೆಯುವವರಿಗೆ ಒಂದು ಮಾತು. "ಸಾವ್ಕಾರ ಕೂಲ್ಯಾಗ ಸಾಲ ಮುರ್ಕೊಂತಾನ್ರೀ, ಆದ್ರ ಕಷ್ಟಕ್ಕ ಆಗಾಂವನೂ ಅವನೇ" ಎಂದು ಒಬ್ಬರು ಹೇಳಿದರೆಂದುಕೊಳ್ಳಿ. ಅದನ್ನು "ಸಾಹುಕಾರರು ನೇಕಾರರನ್ನು ಶೋಷಿಸುತ್ತಾರೆ" ಎಂದು ಬರೆದರೆ ಒಬ್ಬರ ಮಾತು ಎಲ್ಲರದಾಯಿತು, ಅರ್ಧ ಮಾತು ಬಿದ್ದೇ ಹೋಯಿತು. ಶೋಷಣೆ ಎಂಬುದು ನಿಮ್ಮ ತೀರ್ಮಾನ. ಬೇಕಿದ್ದರೆ ಮುಂದಿನ ವಾಕ್ಯದಲ್ಲಿ ನಿಮ್ಮದೆಂದೇ ಬರೆಯಿರಿ. "ಸಾಲವನ್ನು ಕೂಲಿಯಲ್ಲಿ ಮುರಿದುಕೊಂಡರೂ ಕಷ್ಟಕಾಲಕ್ಕೆ ಒದಗುವವನೂ ಸಾಹುಕಾರನೇ ಎಂದು ನೇಕಾರರೊಬ್ಬರು (ನೇ-4) ಹೇಳಿದರು" ಎಂದರೆ ಸಾಕು.

ಹೆಸರು ತೆಗೆದ ಮಾತ್ರಕ್ಕೆ ಗುರುತು ಅಳಿಯದು. "ಗದ್ವಾಲದಲ್ಲಿ ರೇಷ್ಮೆ ಅಂಚಿನ ಸೀರೆ ನೇಯುವ, ಕನ್ನಡ ಶಾಲೆಯಲ್ಲಿ ಓದಿದ, 60 ದಾಟಿದ ವಿಧವೆ" ಎಂದರೆ ಓಣಿಯವರಿಗೆಲ್ಲ ಗೊತ್ತಾಗುತ್ತದೆ, ಸಾಹುಕಾರನಿಗಂತೂ ಮೊದಲೇ. ವಾದಕ್ಕೆ ಬೇಕಾದ ವಿವರ ಮಾತ್ರ ಇಟ್ಟುಕೊಳ್ಳಿ. ಹಾಗೆಂದು ಗದ್ವಾಲವನ್ನು ನಾರಾಯಣಪೇಟೆ ಮಾಡಬೇಡಿ. ಅಲ್ಲಿನ ಸೀರೆಯೇ ಬೇರೆ, ಬರೆದದ್ದು ಸುಳ್ಳಾಗುತ್ತದೆ. "ಗಡಿಯ ಒಂದು ನೇಕಾರರ ಊರು" ಎನ್ನಿ. ನೇ-4ರಂಥ ಯಾವ ಸಂಕೇತ ಯಾರದೆಂಬ ಪಟ್ಟಿಯನ್ನು ಬರಹದ ಜೊತೆ ಇಡಬೇಡಿ.

ಕೊನೆಗೆ ರೆಕಾರ್ಡಿಂಗ್ ಮತ್ತೊಮ್ಮೆ ಕೇಳಿ, ನಿಮ್ಮ ವಾಕ್ಯವನ್ನು ಮಾತಾಡಿದವರಿಗೇ ಓದಿ ಹೇಳಿ. "ನಾ ಹಂಗಂದಿಲ್ರೀ" ಎಂದರೆ ತಿದ್ದಿ.