ಗುರುತಿನ ಚೀಟಿ ಇದ್ದರೆ ಸಾಲದು: ಹೊಸ ಮತದಾರರಿಗೊಂದು ವಿಡಿಯೊ ಪಾಠ

ತರಗತಿ: ದ್ವಿತೀಯ ಪಿಯುಸಿ, ರಾಜ್ಯಶಾಸ್ತ್ರ
ಉದ್ದೇಶ: ವಿದ್ಯಾರ್ಥಿಯು ಮತದಾರರ ಪಟ್ಟಿಯಲ್ಲಿ ಹೆಸರು ಹುಡುಕಿ ತನ್ನ ಮತಗಟ್ಟೆಯನ್ನು ಗುರುತಿಸುವನು.

ಅಭ್ಯಾಸ ಬೋಧನೆಗಾಗಿ ನಾನು ಬರೆದ ಮೊದಲ ಚಿತ್ರಕಥೆ 'ಗುರುತಿನ ಚೀಟಿ ಪಡೆಯಿರಿ, ಮತ ಹಾಕಿರಿ' ಎಂದು ಮುಗಿಯುತ್ತಿತ್ತು. ವಿಡಿಯೊ ತೋರಿಸಿದ ಮೇಲೆ, "ಚೀಟಿ ಇದೆ, ಪಟ್ಟಿಯಲ್ಲಿ ಹೆಸರಿಲ್ಲ. ಮತ ಹಾಕಬಹುದೇ?" ಎಂದು ಕೇಳಿದೆ. ಹೆಚ್ಚಿನವರು "ಹಾಕಬಹುದು" ಎಂದರು. ಉತ್ತರ ತಪ್ಪು, ತಪ್ಪು ನನ್ನ ಚಿತ್ರಕಥೆಯದು. ಚೀಟಿ ಗುರುತಿಗೆ ಮಾತ್ರ. ಮತ ಹಾಕಲು ಪಟ್ಟಿಯಲ್ಲಿ ಹೆಸರಿರಬೇಕು. ಆದ್ದರಿಂದ ಹೀಗೆ ತಿದ್ದಿದೆ.

ದೃಶ್ಯ 1. ಮನೆಯ ಜಗಲಿ.
ತಂಗಿ: ನನ್ನ ಕಾರ್ಡ್ ಬಂದಾಯ್ತು ಅಕ್ಕ, ಇನ್ನೇನು ಕೆಲಸ?
ಅಕ್ಕ: ಪಟ್ಟಿ ನೋಡಿದ್ಯಾ?

ದೃಶ್ಯ 2. ಮೊಬೈಲ್ ಪರದೆಯ ಮೇಲೆ electoralsearch.eci.gov.in. ತಂಗಿ ಚೀಟಿಯ ಸಂಖ್ಯೆ ತುಂಬುತ್ತಾಳೆ. ಹೆಸರು, ಭಾಗ ಸಂಖ್ಯೆ, ಕ್ರಮ ಸಂಖ್ಯೆ, ಮತಗಟ್ಟೆ ಕಾಣುತ್ತವೆ.
ತಂಗಿ: ಅಯ್ಯೋ, ಇದು ಹಳೇ ಮನೆ ಹತ್ರದ ಶಾಲೆ!
ಅಕ್ಕ: ಮನೆ ಬದಲಾಯ್ಸಿದ್ದು ಅವರಿಗೆ ಹೇಗೆ ಗೊತ್ತಾಗ್ಬೇಕು? ನಮೂನೆ 8 ತುಂಬು. ಹೆಸರೇ ಇಲ್ದಿದ್ರೆ ನಮೂನೆ 6.

ದೃಶ್ಯ 3. ಕ್ಯಾಲೆಂಡರ್.
ತಂಗಿ: ಚುನಾವಣೆ ಬಂದಾಗ ನೋಡಿದ್ರೆ ಆಗಲ್ವಾ?
ಅಕ್ಕ: ನಾಮಪತ್ರ ಸಲ್ಲಿಸೋ ಕೊನೇ ದಿನ ಕಳೆದ್ಮೇಲೆ ಆ ಚುನಾವಣೆಗೆ ಹೆಸರು ಸೇರಿಸಲ್ಲ. ಅರ್ಜಿ ಪರಿಶೀಲನೆಗೂ ದಿನ ಬೇಕಲ್ಲ?
ಪರದೆಯಲ್ಲಿ: ಸಹಾಯವಾಣಿ 1950.

ಚರ್ಚೆಯಲ್ಲಿ ಒಬ್ಬ ವಿದ್ಯಾರ್ಥಿನಿ, "ನನಗೆ ಜೂನ್ 20ಕ್ಕೆ 18 ತುಂಬುತ್ತೆ, ಮುಂದಿನ ಜನವರಿವರೆಗೆ ಕಾಯಬೇಕಾ ಮೇಡಂ?" ಎಂದಳು. ಬೇಕಿಲ್ಲ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ 1ನೇ ತಾರೀಖುಗಳು ಅರ್ಹತಾ ದಿನಾಂಕಗಳು. ಅವಳಿಗೆ ಜುಲೈ 1 ಅನ್ವಯಿಸುತ್ತದೆ. 17 ತುಂಬಿದವರು ಮುಂಗಡವಾಗಿಯೇ ಅರ್ಜಿ ಹಾಕಬಹುದು.

ನಿಷ್ಪಕ್ಷಪಾತದ ದೃಷ್ಟಿಯಿಂದ ಚಿತ್ರಗಳನ್ನೂ ತಿದ್ದಬೇಕಾಯಿತು. ಶಾಯಿ ಹಚ್ಚಿದ ಬೆರಳು ತೋರಿಸಲು ಅಂಗೈ ಬಿಡಿಸಿ ಹಿಡಿದಿದ್ದೆವು. ಅಂಗಳದಲ್ಲಿ ಕಮಲದ ರಂಗೋಲಿ ಇತ್ತು. ಹಳ್ಳಿಯ ನೋಟಕ್ಕೆಂದು ತೆನೆ ಹೊತ್ತ ಮಹಿಳೆಯೂ ಇದ್ದಳು. ಮೂರೂ ಪಕ್ಷಗಳ ಚಿಹ್ನೆಗಳೇ! ಈಗ ಬೆರಳಿನ ತುದಿ ಮಾತ್ರ ಕಾಣುತ್ತದೆ, ರಂಗೋಲಿ ಬರೀ ಚುಕ್ಕಿಯದು, ಮಹಿಳೆಯ ದೃಶ್ಯವನ್ನು ತೆಗೆದಿದ್ದೇವೆ.

ಮೌಲ್ಯಮಾಪನ: ಮನೆಯ ಹಿರಿಯರೊಬ್ಬರ ಒಪ್ಪಿಗೆ ಪಡೆದು ಅವರ ಹೆಸರನ್ನು ಪಟ್ಟಿಯಲ್ಲಿ ಹುಡುಕಿ, ಮತಗಟ್ಟೆ ಈಗಿನ ವಿಳಾಸಕ್ಕೆ ಹೊಂದುತ್ತದೆಯೇ ಎಂದು ಮಾತ್ರ ಬರೆದು ತರುವುದು. ಚೀಟಿಯ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆಯಿಸಬಾರದು. ಯಾರಿಗೆ ಮತ ಎಂಬ ಪ್ರಶ್ನೆ ಈ ಪಾಠದಲ್ಲಿ ಬರಕೂಡದು.